ಒಬ್ಬರ ಮುಂಗಡ, ಇನ್ನೊಬ್ಬರ ಬಾಕಿ

ಕಂಕನಾಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ



ಈ ಉಪನ್ಯಾಸಕ್ಕೆ ಕರೆದಾಗ ಸಂಚಾಲಕರು, ‘ಸರ್, ಸ್ವಲ್ಪ ದೊಡ್ಡ ವಿಷಯ ತೆಗೊಳ್ಳಿ’ ಅಂದಿದ್ದರು. ನಾನು ಆರಿಸಿಕೊಂಡದ್ದು ಶಾಲೆಯ ಫೀಸಿನ ರಿಜಿಸ್ಟರಿನ ಎರಡು ಅಂಕಣಗಳನ್ನು. ಒಂದರಲ್ಲಿ ಮುಂದಿನ ಅವಧಿಗೆ ಈಗಲೇ ಕಟ್ಟಿದವರ ಹಣ ಇರುತ್ತದೆ, ಇನ್ನೊಂದರಲ್ಲಿ ಕಳೆದ ಅವಧಿಯದ್ದನ್ನೇ ಇನ್ನೂ ಕಟ್ಟದವರ ಬಾಕಿ. ಇವೆರಡನ್ನೂ ಒಂದೇ ದಿನ, ಒಂದೇ ಪುಸ್ತಕದಲ್ಲಿ, ಒಂದರೊಳಗೊಂದು ಬೆರೆಯದಂತೆ ಬರೆಯುವುದು ಹೇಗೆ ಎಂಬುದಷ್ಟೇ ಇವತ್ತಿನ ಮಾತು. ಸಂಚಾಲಕರ ಮುಖ ಸಣ್ಣದಾದದ್ದು ನನಗೆ ಕಂಡಿತು. ಆದರೆ ನಾನೂ ಒಮ್ಮೆ ಎಡವಿ ಬಿದ್ದ ಜಾಗ ಇದು. ಬಿದ್ದವನಿಗೆ ಆ ಕಲ್ಲಿನ ಗುರುತು ಚೆನ್ನಾಗಿ ಇರುತ್ತದೆ.

ನಾನು ಕಾಲೇಜಿನಲ್ಲಿ ವಾಣಿಜ್ಯ ಶಾಸ್ತ್ರ ಕಲಿಸಿದವ. ಬೇಸಿಗೆ ರಜೆಯಲ್ಲಿ ಒಂದೆರಡು ಶಾಲೆಗಳ ಲೆಕ್ಕ ನೋಡಿಕೊಡುತ್ತಿದ್ದೆ. ಹಾಗೆ ಮೊದಲ ಸಲ ಒಂದು ಶಾಲೆಯ ವರ್ಷದ ಲೆಕ್ಕ ಮುಗಿಸಿಕೊಟ್ಟಾಗ ಆಡಳಿತ ಮಂಡಳಿಯವರು ಬಹಳ ಸಂತೋಷಪಟ್ಟರು. ಬರಬೇಕಾದ ಫೀಸಿಗೂ ಬಂದ ಫೀಸಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಎರಡು ತಿಂಗಳ ನಂತರ ಹೊಸದಾಗಿ ಬಂದ ಮುಖ್ಯೋಪಾಧ್ಯಾಯಿನಿ ಒಂದೇ ಪ್ರಶ್ನೆ ಕೇಳಿದರು: ‘ಸರ್, ಬಾಕಿ ಇರುವ ಮಕ್ಕಳ ಹೆಸರು ಕೊಡ್ತೀರಾ?’ ನನ್ನ ಲೆಕ್ಕದ ಪ್ರಕಾರ ಅಂಥವರು ಹೆಚ್ಚು ಕಡಿಮೆ ಯಾರೂ ಇರಬಾರದಿತ್ತು. ಗುಮಾಸ್ತರು ರಶೀದಿ ಪುಸ್ತಕ ಹಿಡಿದು ಒಂದು ದಿನ ಕೂತು 33 ಹೆಸರು ತೆಗೆದರು.

ಆ 33 ಜನ ಎಲ್ಲಿ ಅಡಗಿದ್ದರು ಎಂಬುದನ್ನು ತೋರಿಸುತ್ತೇನೆ. ಕೂತಲ್ಲೇ ಕೂಡಿಸಿ ನೋಡಲು ಸುಲಭವಾಗಲಿ ಎಂದು ಅಂಕಿಗಳನ್ನೂ ವರ್ಷಗಳನ್ನೂ ಬದಲಿಸಿದ್ದೇನೆ. ಸ್ವರೂಪ ಮಾತ್ರ ಹಾಗೇ ಇದೆ.

ಶಾಲೆಯಲ್ಲಿ 300 ಮಕ್ಕಳು. 2024-25ಕ್ಕೆ ವರ್ಷದ ಫೀಸು ತಲಾ 18,000 ರೂಪಾಯಿ. ಜೂನಿನಿಂದ ದಸರಾ ರಜೆಯ ತನಕ ಮೊದಲ ಅವಧಿ, ರಜೆ ಮುಗಿದ ಮೇಲೆ ಎರಡನೆಯದು, ಅವಧಿಗೆ 9,000. ಅಂದರೆ ಆ ವರ್ಷ ಶಾಲೆ ಕೇಳಬೇಕಾದ ಫೀಸು ಒಟ್ಟು 54 ಲಕ್ಷ. ಹಿಂದಿನ ವರ್ಷ ಅವಧಿಯ ಫೀಸು 8,000 ಇತ್ತು. ಅದರಲ್ಲಿ 25 ಮಕ್ಕಳದ್ದು ಬಾಕಿ ಉಳಿದಿತ್ತು, 2 ಲಕ್ಷ. ಜೊತೆಗೆ 2024ರ ಮಾರ್ಚ್ ತಿಂಗಳಲ್ಲೇ 40 ಮಕ್ಕಳ ಮನೆಯವರು ಜೂನಿನ ಅವಧಿಯದ್ದನ್ನು ಕಟ್ಟಿದ್ದರು, 3,60,000. ನಮ್ಮ ಊರಿನಲ್ಲಿ ಇದು ಹೊಸತಲ್ಲ. ಗಲ್ಫಿನಲ್ಲಿರುವ ಅಪ್ಪ ರಜೆಗೆ ಬಂದವರು ವಾಪಸು ಹೋಗುವ ಮೊದಲು ಮಕ್ಕಳ ಫೀಸು ಮುಗಿಸಿಯೇ ವಿಮಾನ ಹತ್ತುತ್ತಾರೆ.

ಇನ್ನು ಆ ಹಣಕಾಸು ವರ್ಷದಲ್ಲಿ, ಅಂದರೆ 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರ ವರೆಗೆ, ನಿಜವಾಗಿ ಕೈಗೆ ಬಂದದ್ದು. ಹಳೆಯ 25ರಲ್ಲಿ 18 ಮಕ್ಕಳದ್ದು ಬಂತು, 1,44,000. ಆ ವರ್ಷದ ಫೀಸಿನಲ್ಲಿ 30 ಮಕ್ಕಳ ಎರಡನೇ ಅವಧಿ ಬರಲಿಲ್ಲ, 2,70,000. ಮೊದಲೇ ಕಟ್ಟಿದ 3,60,000 ಹಿಂದಿನ ಮಾರ್ಚಿನಲ್ಲೇ ಬಂದಾಗಿತ್ತು. ಹಾಗಾಗಿ ಆ ವರ್ಷದ ಫೀಸೆಂದು ಆ ವರ್ಷವೇ ಬಂದದ್ದು 47,70,000. ಕೊನೆಗೆ, 2025ರ ಮಾರ್ಚಿನಲ್ಲಿ 45 ಮಕ್ಕಳ ಮನೆಯವರು ಮುಂದಿನ ಜೂನಿನ ಅವಧಿಯದ್ದನ್ನು ಕಟ್ಟಿದರು. ಫೀಸು ಅವಧಿಗೆ 10,000ಕ್ಕೆ ಏರಿತ್ತು, ಅಂದರೆ 4,50,000. ಎಲ್ಲ ಸೇರಿ ಬ್ಯಾಂಕಿಗೂ ಪೆಟ್ಟಿಗೆಗೂ ಬಂದದ್ದು 53,64,000.

ನಾನು ಎಡವಿದ್ದು ಇಲ್ಲಿ. ಕೇಳಬೇಕಾದದ್ದು 54,00,000, ಬಂದದ್ದು 53,64,000. ವ್ಯತ್ಯಾಸ ಬರೇ 36,000. ‘ನಾಲ್ಕೈದು ಮಕ್ಕಳದ್ದು ಇರಬಹುದು’ ಅಂದುಕೊಂಡು ಬಂದದ್ದನ್ನೇ ಆದಾಯವೆಂದು ಬರೆದೆ. ಲೆಕ್ಕ ಇಷ್ಟು ಹತ್ತಿರ ಬಂದದ್ದು ಸರಿಯಾಗಿದ್ದರಿಂದಲ್ಲ. ಬರದೇ ಉಳಿದ ಹಣದ ಜಾಗದಲ್ಲಿ ಇನ್ನೂ ದುಡಿಯದ ಹಣ ಬಂದು ಕೂತಿತ್ತು. ದೊಡ್ಡ ತಪ್ಪಾದರೆ ಕಣ್ಣಿಗೆ ಹೊಡೆಯುತ್ತದೆ. ಎರಡು ತಪ್ಪು ಒಂದನ್ನೊಂದು ಮುಚ್ಚಿ ಕೂತರೆ ಯಾರಿಗೂ ಗೊತ್ತಾಗುವುದಿಲ್ಲ.

ಗುಮಾಸ್ತರ ಡಿ.ಸಿ.ಬಿ. ಇನ್ನೂ ಚೆಂದ ಇತ್ತು. ಡಿ.ಸಿ.ಬಿ. ಅಂದರೆ ಬೇಡಿಕೆ, ವಸೂಲಿ, ಬಾಕಿ. ಗ್ರಾಮ ಪಂಚಾಯತಿನ ಮನೆ ತೆರಿಗೆಯಿಂದ ಹಿಡಿದು ಶಾಲೆಯ ಫೀಸಿನ ತನಕ ನಮ್ಮ ಕಚೇರಿಗಳೆಲ್ಲ ನಡೆಯುವುದು ಈ ಮೂರು ಅಂಕಣಗಳ ಮೇಲೆ. ಅವರು ಬೇಡಿಕೆಗೆ ಹಳೆ ಬಾಕಿ ಸೇರಿಸಿ 56 ಲಕ್ಷ ಬರೆದಿದ್ದರು. ವಸೂಲಿಗೆ ಹಿಂದಿನ ಮುಂಗಡವನ್ನೂ ಸೇರಿಸಿ 57,24,000. ಬಾಕಿಯ ಅಂಕಣದಲ್ಲಿ ಮೈನಸ್ 1,24,000. ‘ಬಾಕಿ ಇಲ್ಲ ಸರ್, ಸ್ವಲ್ಪ ಜಾಸ್ತಿಯೇ ಬಂದಿದೆ’ ಅಂದರು. ಅವರ ತಪ್ಪಲ್ಲ. ಡಿ.ಸಿ.ಬಿ.ಯನ್ನು ರೂಪಿಸಿದವರು ತೆರಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡವರು. ಮುಂದಿನ ವರ್ಷದ ತೆರಿಗೆಯನ್ನು ಈಗಲೇ ಕಟ್ಟಲು ಜನ ಸಾಲು ನಿಲ್ಲುವುದನ್ನು ಅವರು ಯೋಚಿಸಿರಲಿಲ್ಲ. ಆ ನಮೂನೆಯಲ್ಲಿ ನಾಲ್ಕನೆಯ ಅಂಕಣವೇ ಇಲ್ಲ.

ಆ ಮೈನಸ್ 1,24,000 ಅಂದರೆ ಏನು? ಮುಂಗಡ 4,50,000ದಿಂದ ಬಾಕಿ 3,26,000 ಕಳೆದದ್ದು. ಬಾಕಿಯಲ್ಲಿ ಆ ವರ್ಷದ್ದು 2,70,000, ಹಳೆಯ 7 ಮಕ್ಕಳದ್ದು 56,000. ಗಣಿತದ ಪ್ರಕಾರ ಕಳೆದದ್ದು ಸರಿ. ಆದರೆ ಕಳೆಯಲು ಯಾವ ಹಕ್ಕಿತ್ತು? ಆರನೇ ತರಗತಿಯ ಹುಡುಗಿಯ ಅಪ್ಪ ಮಾರ್ಚಿನಲ್ಲೇ ಕಟ್ಟಿದ 10,000ದಿಂದ ಒಂಬತ್ತನೇ ತರಗತಿಯ ಹುಡುಗನ ಮನೆಯ ಸಾಲ ತೀರುವುದಿಲ್ಲ. ಅವರಿಬ್ಬರಿಗೂ ಪರಿಚಯವೂ ಇಲ್ಲ. ಅವಳದ್ದು ಶಾಲೆ ಅವಳಿಗೆ ಕೊಡಬೇಕಾದ ಋಣ, ಅವನದ್ದು ಶಾಲೆಗೆ ಅವನಿಂದ ಬರಬೇಕಾದ ಋಣ. ಒಂದು ಅಢಾವೆ ಪತ್ರಿಕೆಯ ಹೊಣೆಗಳ ಬದಿಗೆ ಹೋಗಬೇಕು, ಇನ್ನೊಂದು ಆಸ್ತಿಗಳ ಬದಿಗೆ.

ಕೈಯಲ್ಲಿ ನಗದಿರುವಾಗ ಅದನ್ನು ‘ಹೊಣೆ’ ಎನ್ನುವುದು ಪಿ.ಯು.ಸಿ. ಮಕ್ಕಳಿಗೂ ಹಿಡಿಸುವುದಿಲ್ಲ, ಆಡಳಿತ ಮಂಡಳಿಯವರಿಗಂತೂ ಹಿಡಿಸುವುದೇ ಇಲ್ಲ. ತರಗತಿಯಲ್ಲಿ ನಾನು ಕಿಟಕಿಯಿಂದಾಚೆಗೆ ಕೈ ತೋರಿಸುತ್ತಿದ್ದೆ. ಇಲ್ಲೇ ಮಹಾವೀರ ವೃತ್ತದಲ್ಲಿ ಕರ್ಣಾಟಕ ಬ್ಯಾಂಕಿನ ಪ್ರಧಾನ ಕಚೇರಿ ಇದೆ. 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು. ಅಲ್ಲಿ ನೀವು ಇಟ್ಟ ಠೇವಣಿ ನಿಮಗೆ ಆಸ್ತಿ. ಅದೇ ಹಣ ಬ್ಯಾಂಕಿನ ಅಢಾವೆ ಪತ್ರಿಕೆಯಲ್ಲಿ ಹೊಣೆಯ ಬದಿಯಲ್ಲಿ ಕೂತಿರುತ್ತದೆ, ನೀವು ಕೇಳಿದಾಗ ಕೊಡಬೇಕಾದದ್ದು ಎಂದು. ಮುಂಗಡ ಫೀಸೂ ಹಾಗೆಯೇ. ವ್ಯತ್ಯಾಸ ಇಷ್ಟೇ: ಬ್ಯಾಂಕು ಹಣವನ್ನು ಹಣವಾಗಿ ಹಿಂದಿರುಗಿಸುತ್ತದೆ, ಶಾಲೆ ಪಾಠವಾಗಿ ಹಿಂದಿರುಗಿಸುತ್ತದೆ. ಪಾಠ ಸುರುವಾಗುವ ಮೊದಲೇ ಮಗು ಬೇರೆ ಊರಿಗೆ ಹೋದರೆ ಹಣ ಹಣವಾಗಿಯೇ ಎದುರು ನಿಲ್ಲುತ್ತದೆ.

ಲೆಕ್ಕಪರಿಶೋಧಕರ ಸಂಸ್ಥೆ 1985ರಲ್ಲಿ ಹೊರಡಿಸಿದ 9ನೇ ಲೆಕ್ಕ ಮಾನದಂಡ ಹೇಳುವುದೂ ಇದನ್ನೇ. ಅದು ಆದಾಯವನ್ನು ಯಾವಾಗ ಆದಾಯವೆಂದು ಬರೆಯಬೇಕು ಎಂಬ ಬಗೆಗಿನ ಮಾನದಂಡ. ಬೋಧನಾ ಶುಲ್ಕದ ಬಗ್ಗೆ ಅದರ ಅನುಬಂಧದಲ್ಲಿರುವುದು ಚಿಕ್ಕದೊಂದು ಮಾತು: ಬೋಧನೆ ನಡೆಯುವ ಅವಧಿಯ ಉದ್ದಕ್ಕೂ ಅದು ಆದಾಯವಾಗುತ್ತಾ ಹೋಗಬೇಕು. ರಶೀದಿ ಹರಿದ ದಿನವೂ ಅಲ್ಲ, ಹಣ ಬ್ಯಾಂಕಿಗೆ ಬಿದ್ದ ದಿನವೂ ಅಲ್ಲ. ಕಟ್ಟುನಿಟ್ಟಾಗಿ ನೋಡಿದರೆ ಏಪ್ರಿಲ್ 10ರ ತನಕ ನಡೆಯುವ ಶಾಲೆಯ ಕೊನೆಯ ಹತ್ತು ದಿನಗಳ ಫೀಸು ಕೂಡ ಮಾರ್ಚ್ 31ಕ್ಕೆ ಮುಂಗಡವೇ. ಆ ಹೊತ್ತಿಗೆ ಪರೀಕ್ಷೆ, ಫಲಿತಾಂಶ ಬಿಟ್ಟರೆ ಪಾಠ ಉಳಿದಿರುವುದಿಲ್ಲ. ಆದ್ದರಿಂದ ಹೆಚ್ಚಿನ ಶಾಲೆಗಳು ಇಡೀ ಶೈಕ್ಷಣಿಕ ವರ್ಷದ ಫೀಸನ್ನು ಆ ಹಣಕಾಸು ವರ್ಷದ್ದೇ ಎಂದು ಹಿಡಿಯುತ್ತವೆ. ನನಗೆ ಅದರಲ್ಲಿ ಆಕ್ಷೇಪವಿಲ್ಲ, ಪ್ರತಿ ವರ್ಷವೂ ಹಾಗೆಯೇ ಹಿಡಿದರೆ ಸಾಕು. ಒಂದು ವರ್ಷ ಹಾಗೆ, ಇನ್ನೊಂದು ವರ್ಷ ಹೀಗೆ ಮಾಡುವುದು ಬೇಡ.

ಈಗ ಬರೆಯುವ ಕ್ರಮ. ಮಾರ್ಚಿನಲ್ಲಿ ಮುಂಗಡ ಬಂದ ದಿನ ಬ್ಯಾಂಕ್ ಖಾತೆಗೆ ಡೆಬಿಟ್, ‘ಮುಂಗಡ ಫೀಸು 2025-26’ ಎಂಬ ಖಾತೆಗೆ ಕ್ರೆಡಿಟ್. ಫೀಸಿನ ಆದಾಯ ಖಾತೆಯನ್ನು ಆ ದಿನ ಮುಟ್ಟಲೇಬಾರದು. ಖಾತೆಯ ಹೆಸರಿನಲ್ಲಿ ವರ್ಷ ಇರಲಿ ಎನ್ನುವುದು ನನ್ನ ಹಟ. ಬರೇ ‘ಮುಂಗಡ’ ಎಂದಿದ್ದರೆ ಮೂರು ವರ್ಷದಲ್ಲಿ ಅದು ಯಾರದ್ದೆಂದು ಗೊತ್ತಿಲ್ಲದ ಹಣದ ಕೊಟ್ಟಿಗೆಯಾಗುತ್ತದೆ. ಮಾರ್ಚ್ 31ರಂದು ಬಾಕಿ ಇರುವವರ ಪಟ್ಟಿ ಮಾಡಿ ಬಾಕಿ ಫೀಸಿನ ಖಾತೆಗೆ ಡೆಬಿಟ್, ಫೀಸಿನ ಆದಾಯಕ್ಕೆ ಕ್ರೆಡಿಟ್. ಹೊಸ ವರ್ಷದಲ್ಲಿ ಶಾಲೆ ತೆರೆದು, ಹಾಜರಿ ಪುಸ್ತಕದಲ್ಲಿ ಆ ಮಗುವಿನ ಹೆಸರು ಕಂಡ ಮೇಲೆ, ಮುಂಗಡ ಖಾತೆಯಿಂದ ತೆಗೆದು ಆದಾಯಕ್ಕೆ ಹಾಕಬೇಕು. ಕೆಲವರು ಏಪ್ರಿಲ್ 1ರಂದೇ ಇಡೀ ಮೊತ್ತವನ್ನು ಒಂದೇ ಏಟಿಗೆ ತಿರುಗಿಸಿಬಿಡುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಟಿ.ಸಿ. ತೆಗೆದುಕೊಂಡು ಹೋಗುವ ಮಕ್ಕಳಿಗೆ ಹಣ ಹಿಂದಿರುಗಿಸುವಾಗ ಅವರಿಗೇ ಗೊಂದಲವಾಗುತ್ತದೆ.

ಹಾಗೆ ಬರೆದಿದ್ದರೆ ನನ್ನ ಲೆಕ್ಕ ಹೀಗೆ ನಿಲ್ಲುತ್ತಿತ್ತು. ಬಂದ 53,64,000ದಿಂದ ಮುಂದಿನ ವರ್ಷದ 4,50,000 ತೆಗೆದರೆ 49,14,000. ಹಿಂದಿನ ಮಾರ್ಚಿನಲ್ಲಿ ಬಂದು ಈ ವರ್ಷ ಪಾಠವಾದ 3,60,000 ಸೇರಿಸಿದರೆ 52,74,000. ವರ್ಷದ ಕೊನೆಯ ಬಾಕಿ 3,26,000 ಸೇರಿಸಿ, ವರ್ಷದ ಆರಂಭದ ಬಾಕಿ 2,00,000 ಕಳೆದರೆ ಸರಿಯಾಗಿ 54,00,000. ಅಂದರೆ 300 ಮಕ್ಕಳು, ತಲಾ 18,000. ಇದಕ್ಕಿಂತ ಒಳ್ಳೆಯ ತಾಳೆ ಇಲ್ಲ. ಪ್ರವೇಶ ರಿಜಿಸ್ಟರಿನ ತಲೆ ಎಣಿಕೆಯನ್ನು ಫೀಸಿನಿಂದ ಗುಣಿಸಿ, ರಿಯಾಯಿತಿ ಕಳೆದು, ಆದಾಯ ಖಾತೆಗೆ ಹೊಂದದಿದ್ದರೆ ಎಲ್ಲೋ ಮುಂಗಡ ಬಾಕಿಯೊಳಗೆ ನುಸುಳಿದೆ ಎಂದೇ ಅರ್ಥ.

33 ಹೆಸರುಗಳ ಕತೆಯನ್ನು ಮುಗಿಸುತ್ತೇನೆ. ಆ ವರ್ಷದ 30 ಮಕ್ಕಳಲ್ಲಿ 4 ಮಕ್ಕಳಿಗೆ ಹಿಂದಿನ ವರ್ಷದ ಬಾಕಿಯೂ ಇತ್ತು. ಹಳೆಯ ಬಾಕಿಯ ಉಳಿದ ಮೂವರು ಶಾಲೆ ಬಿಟ್ಟು ಹೋಗಿದ್ದರು. 30ಕ್ಕೆ 3 ಸೇರಿ 33. ಹೋದ ಮೂವರ 24,000 ಬರುವ ಸಂಭವ ಇರಲಿಲ್ಲ. ‘ಟಿ.ಸಿ. ಕೊಡಬಾರದಿತ್ತು’ ಎಂದು ಮಂಡಳಿಯ ಒಬ್ಬರು ಗೊಣಗಿದರು. ಆದರೆ ಎಂಟನೇ ತರಗತಿಯ ತನಕ ಮುಖ್ಯ ಶಿಕ್ಷಕರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಹೇಳುತ್ತದೆ. ಟಿ.ಸಿ.ಯನ್ನು ಒತ್ತೆ ಇಟ್ಟುಕೊಳ್ಳುವುದಕ್ಕಿಲ್ಲ. ಹಾಗಾದರೆ ಆ 24,000ವನ್ನು ಏನು ಮಾಡುವುದು? ಮಂಡಳಿಯ ನಿರ್ಣಯ ತೆಗೆದುಕೊಂಡು, ವಸೂಲಾಗದ ಬಾಕಿ ಎಂದು ವೆಚ್ಚದ ಬದಿಗೆ ಬರೆಯಬೇಕು. ಫೀಸಿನ ಆದಾಯದಿಂದಲೇ ಕಳೆದುಬಿಡುವವರಿದ್ದಾರೆ, ಅದು ಬೇಡ. ಪಾಠ ನಡೆದಿದೆ, ಫೀಸು ದುಡಿದಾಗಿದೆ, ಬರಲಿಲ್ಲ ಅಷ್ಟೆ. ಎರಡೂ ವಿಷಯ ಓದುವವರಿಗೆ ಕಾಣಬೇಕು.

ಇನ್ನು ಒಂದೇ ಮನೆಯೊಳಗೆ ಮುಂಗಡವೂ ಬಾಕಿಯೂ ಇದ್ದರೆ? ಇದು ಬಹಳ ಸಲ ಆಗುತ್ತದೆ. ಮಾರ್ಚಿನ ಒಂದು ಮಧ್ಯಾಹ್ನ ಒಬ್ಬ ತಾಯಿ ಕಚೇರಿಯ ಕಿಟಕಿಯಲ್ಲಿ 10,000 ಇಟ್ಟು, ‘ಅಕ್ಕಾ, ಇದು ಸಣ್ಣವಳ ಜೂನಿಂದು’ ಅಂದರು. ಕ್ಲಾರ್ಕ್ ಅಕ್ಕ ಪುಸ್ತಕ ತಿರುಗಿಸಿ, ‘ದೊಡ್ಡವನದ್ದು ಒಂಬತ್ತು ಸಾವಿರ ಬಾಕಿ ಉಂಟಲ್ಲ ಬಾಯಿ, ಅದಕ್ಕೆ ಹಾಕಿಕೊಳ್ತೇವೆ’ ಅಂದರು. ‘ಅವಂದು ಅವರು ಊರಿಗೆ ಬಂದಾಗ ಕೊಡ್ತಾರೆ. ಇದು ಅವಳದ್ದೇ. ಅವಳ ಸೀಟು ಹೋಗಬಾರದು ಮಾರಾಯ್ತಿ.’

ಯಾರು ಸರಿ? ಇದಕ್ಕೆ ಉತ್ತರ ಲೆಕ್ಕಶಾಸ್ತ್ರದಲ್ಲಿಲ್ಲ, 1872ರ ಭಾರತೀಯ ಕರಾರು ಕಾಯ್ದೆಯಲ್ಲಿದೆ. ಹಲವು ಸಾಲ ಇರುವವರು ಹಣ ಕೊಡುವಾಗ ಇದು ಇಂಥದ್ದಕ್ಕೆ ಎಂದು ಹೇಳಿ ಕೊಟ್ಟರೆ, ತೆಗೆದುಕೊಂಡವರು ಅದನ್ನು ಅದಕ್ಕೇ ಹಾಕಬೇಕು. ಇದು 59ನೇ ಕಲಂ. ಏನೂ ಹೇಳದೆ ಕೊಟ್ಟರೆ, ಸುತ್ತಲಿನ ಸಂದರ್ಭದಿಂದಲೂ ಏನೂ ತಿಳಿಯದಿದ್ದರೆ, ತೆಗೆದುಕೊಂಡವರು ತಮ್ಮ ಇಷ್ಟದಂತೆ ಹಾಕಿಕೊಳ್ಳಬಹುದು. ಇದು 60. ಇಬ್ಬರೂ ಏನೂ ಹೇಳದಿದ್ದರೆ ಹಳೆಯದು ಮೊದಲು ತೀರುತ್ತದೆ. ಇದು 61. ಮುಂಗಡ ಎನ್ನುವುದು ಇನ್ನೂ ಸಾಲವೇ ಆಗಿಲ್ಲ, ಹಾಗಾಗಿ ಈ ಕಲಂಗಳು ಅಕ್ಷರಶಃ ಇಲ್ಲಿಗೆ ಕೂರುವುದಿಲ್ಲ ಎಂದು ವಕೀಲರು ವಾದಿಸಬಹುದು. ಆದರೂ ಕಿಟಕಿಯಲ್ಲಿ ಕೂತವರಿಗೆ ಇದಕ್ಕಿಂತ ನ್ಯಾಯವಾದ ಅಳತೆಗೋಲು ನನಗೆ ಕಂಡಿಲ್ಲ. ಆ ತಾಯಿ ಬಾಯಿಬಿಟ್ಟು ಹೇಳಿದ್ದಾರೆ. ಅದು ಸಣ್ಣವಳ ಮುಂಗಡ. ದೊಡ್ಡವನ ಬಾಕಿ ಬಾಕಿಯಾಗಿಯೇ ಉಳಿಯುತ್ತದೆ. ಪುಸ್ತಕದಲ್ಲಿ ಒಂದೇ ಮನೆಯ ಹೆಸರು ಎರಡು ಬದಿಯಲ್ಲಿ ಬಂದರೆ ಯಾರಿಗೂ ನಷ್ಟವಿಲ್ಲ.

ಆದ್ದರಿಂದ ರಶೀದಿಯಲ್ಲಿ ಮಗುವಿನ ಹೆಸರು, ತರಗತಿ ಮಾತ್ರ ಸಾಲದು. ಯಾವ ವರ್ಷದ ಯಾವ ಅವಧಿ ಎಂಬುದೂ ಬೇಕು. ಈಗ ಹಣ ಕಿಟಕಿಗೆ ಬರುವುದೇ ಕಡಿಮೆ. ಯು.ಪಿ.ಐ.ಯಲ್ಲಿ ಬರುತ್ತದೆ, ಬ್ಯಾಂಕಿನ ಪಟ್ಟಿಯಲ್ಲಿ ಒಂದು ಹೆಸರು, ಒಂದು ಮೊತ್ತ ಮಾತ್ರ ಇರುತ್ತದೆ. ಆ ಹೆಸರೂ ಮಗುವಿನದ್ದಲ್ಲ, ಮಾವನದ್ದೋ ಅಜ್ಜನದ್ದೋ ಆಗಿರುತ್ತದೆ. ಟ್ಯಾಲಿ ಬಳಸುವ ಕಚೇರಿಗಳಲ್ಲಿ ಇಂಥದ್ದನ್ನು On Account ಎಂದು ಹಾಕಿ ಬಿಡುವ ರೂಢಿ ಇದೆ. ಒಂದು ವಾರಕ್ಕೆ ಪರವಾಗಿಲ್ಲ. ಮಾರ್ಚ್ 31ಕ್ಕೆ ಅಲ್ಲಿ ಒಂದು ರೂಪಾಯಿಯೂ ಉಳಿಯಬಾರದು. ಫೋನ್ ಮಾಡಿ ಕೇಳಿ, ಹಳೆಯದಾದರೆ Agst Ref, ಮುಂದಿನದಾದರೆ Advance ಎಂದು ಬದಲಿಸಬೇಕು. ಹತ್ತು ಫೋನ್ ಮಾಡುವ ಉದಾಸೀನಕ್ಕೆ ಇಡೀ ಅಢಾವೆ ಪತ್ರಿಕೆ ಸುಳ್ಳಾಗಬಾರದು.

ಈವರೆಗೆ ಹೇಳಿದ್ದೆಲ್ಲ ಸಾಮಾನ್ಯ ವರ್ಷದ ಮಾತು. ಮುಂಗಡ ಮತ್ತು ಬಾಕಿಯ ನಡುವಿನ ಗೆರೆ ಎಷ್ಟು ತೆಳ್ಳಗಿದೆ ಎಂದು ಕರ್ನಾಟಕದ ಶಾಲೆಗಳಿಗೆ ಗೊತ್ತಾದದ್ದು ಕೊರೋನಾ ಕಾಲದಲ್ಲಿ. ಈ ಉಪನ್ಯಾಸದಲ್ಲಿ ನನಗೆ ಹೆಚ್ಚು ಹೇಳಬೇಕೆನಿಸಿದ್ದೂ ಅದನ್ನೇ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಆ ಹೊತ್ತಿಗಾಗಲೇ ಜೂನಿನ ಫೀಸು ಕಟ್ಟಿದ ಮನೆಗಳಿದ್ದವು. ಜೂನಿನಲ್ಲಿ ಶಾಲೆ ತೆರೆಯಲಿಲ್ಲ, ಪಾಠ ಮೊಬೈಲಿಗೆ ಹೋಯಿತು. ಪೂರ್ತಿ ಫೀಸು ಯಾಕೆ ಎಂದು ತಂದೆತಾಯಿಗಳು ಕೇಳಿದರು, ಸಂಬಳ ಎಲ್ಲಿಂದ ಕೊಡುವುದು ಎಂದು ಶಾಲೆಗಳು ಕೇಳಿದವು. 2021ರ ಜನವರಿ ಕೊನೆಯಲ್ಲಿ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು. 2020-21ಕ್ಕೆ ಖಾಸಗಿ ಶಾಲೆಗಳು ಹಿಂದಿನ ವರ್ಷದ ಬೋಧನಾ ಶುಲ್ಕದ ಶೇ. 70 ಮಾತ್ರ ತೆಗೆದುಕೊಳ್ಳಬೇಕು, ಹೆಚ್ಚು ಕಟ್ಟಿದ್ದರೆ ಅದನ್ನು ಮುಂದಿನ ವರ್ಷಕ್ಕೆ ಹೊಂದಿಸಬೇಕು ಎಂದು. ಶಾಲೆಗಳು ಹೈಕೋರ್ಟಿಗೆ ಹೋದವು. ಈ ನಡುವೆ ಮೇ 3ರಂದು ಸುಪ್ರೀಂ ಕೋರ್ಟು ರಾಜಸ್ಥಾನದ ಶಾಲೆಗಳ ಪ್ರಕರಣದಲ್ಲಿ, ಜೋಧಪುರದ ಇಂಡಿಯನ್ ಸ್ಕೂಲ್ ಎಂಬ ಹೆಸರಿನ ಪ್ರಕರಣ ಅದು, ಶೇ. 15 ಕಡಿತ ಸಾಕು ಎಂದಿತು. ಅದೇ ದಾರಿಯಲ್ಲಿ ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ಸರ್ಕಾರದ 70ರ ಬದಲು 85 ಎಂದು ತೀರ್ಪು ಕೊಟ್ಟಿತು.

ಈಗ ಒಂದು ಮಗುವಿನ ಪುಟ ತೆರೆಯೋಣ. ಹಿಂದಿನ ವರ್ಷದ ಫೀಸು 16,000, ಅಷ್ಟೂ ಬೋಧನಾ ಶುಲ್ಕವೇ ಎಂದುಕೊಳ್ಳೋಣ. ಮನೆಯವರು 2020-21ಕ್ಕೆ 12,000 ಕಟ್ಟಿ ನಿಲ್ಲಿಸಿದ್ದಾರೆ. ಜನವರಿಯ ಮೊದಲ ವಾರದಲ್ಲಿ ಅವರ ಹೆಸರು ಬಾಕಿ ಪಟ್ಟಿಯಲ್ಲಿದೆ, 4,000. ಫೆಬ್ರವರಿಯಲ್ಲಿ ಶೇ. 70 ಅಂದರೆ 11,200. ಹೆಸರು ಮುಂಗಡದ ಪಟ್ಟಿಗೆ ಹಾರಿತು, 800. ಸೆಪ್ಟೆಂಬರಿನಲ್ಲಿ ಶೇ. 85 ಅಂದರೆ 13,600. ಮತ್ತೆ ಬಾಕಿ ಪಟ್ಟಿಗೆ, 1,600. ಆ ಒಂಬತ್ತು ತಿಂಗಳಲ್ಲಿ ಆ ಮನೆಯವರು ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ, ಒಂದು ಪೈಸೆ ಕೊಟ್ಟಿಲ್ಲ, ತೆಗೆದುಕೊಂಡಿಲ್ಲ. ಆದರೂ ಅವರು ಸಾಲಗಾರರಾಗಿ, ಸಾಲ ಕೊಟ್ಟವರಾಗಿ, ಪುನಃ ಸಾಲಗಾರರಾದರು.

ಪಕ್ಕದ ಪುಟದಲ್ಲಿ 16,000ವನ್ನೂ ಕಟ್ಟಿದ ಮಗು ಇದೆ. ಅದರ ಮುಂಗಡ ಮೊದಲು ಸೊನ್ನೆ, ಆಮೇಲೆ 4,800, ಕೊನೆಗೆ 2,400. ಎರಡು ಪುಟಗಳನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದ ಶಾಲೆಗೆ ಈ ಬದಲಾವಣೆ ಒಂದು ಸಂಜೆಯ ಕೆಲಸ. ಇಡೀ ಶಾಲೆಗೆ ಒಂದೇ ‘ನಿವ್ವಳ ಬಾಕಿ’ ಎಂದು ಬರೆದಿಟ್ಟಿದ್ದ ಶಾಲೆಗೆ, ಯಾರಿಗೆ ಎಷ್ಟು ಹೊಂದಿಸಬೇಕು ಎಂದು ತಿಳಿಯಲು ಒಂದೂವರೆ ವರ್ಷದ ರಶೀದಿಗಳನ್ನು ಮತ್ತೆ ಮಗುಚಬೇಕಾಯಿತು. ಹಣ ಹೆಚ್ಚು ಕಟ್ಟಿದವರು ತಾವೇ ಬಂದು ಕೇಳುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಕಡಿಮೆ ಕಟ್ಟಿದವರು ಬಂದು ಹೇಳುವುದಿಲ್ಲ. ನಿವ್ವಳ ಬರೆದ ಶಾಲೆ ಮುಂಗಡವನ್ನು ಪೂರ್ತಿ ತೀರಿಸಿ ಬಾಕಿಯನ್ನು ಅರ್ಧ ಕಳೆದುಕೊಳ್ಳುವುದು ಹೀಗೆ.

ಮಾರ್ಚ್ 31, 2021ರ ಲೆಕ್ಕವನ್ನು ಯಾವ ಅಂಕಿಯಲ್ಲಿ ಮುಗಿಸಬೇಕಿತ್ತು? ಆ ದಿನ ಸರ್ಕಾರದ ಆದೇಶ ಊರ್ಜಿತದಲ್ಲಿತ್ತು, ಮೊಕದ್ದಮೆಯೂ ನಡೆಯುತ್ತಿತ್ತು. ಆಗ ನನ್ನನ್ನು ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ: 70ಕ್ಕೆ ಆದಾಯ ಬರೆಯಿರಿ, ಮೇಲಿನದ್ದನ್ನು ಕಟ್ಟಿದವರದ್ದು ಮುಂಗಡದಲ್ಲಿಡಿ, ಟಿಪ್ಪಣಿಯಲ್ಲಿ ಮೊಕದ್ದಮೆಯ ವಿಷಯ ಹಾಕಿ. ಬರುವುದು ಖಚಿತವಾಗುವ ತನಕ ಆದಾಯವೆನ್ನಬೇಡಿ, ಕೊಡಬೇಕಾಗಬಹುದಾದದ್ದನ್ನು ಮಾತ್ರ ಈಗಲೇ ಬರೆದಿಡಿ. ತೀರ್ಪು ಬರುವ ಹೊತ್ತಿಗೆ ಲೆಕ್ಕಕ್ಕೆ ಸಹಿ ಆಗಿರದ ಶಾಲೆಗಳು ಅದೇ ವರ್ಷದ ಅಂಕಿಗಳನ್ನು 85ಕ್ಕೆ ಸರಿಮಾಡಿಕೊಳ್ಳಬಹುದಿತ್ತು. ಸಹಿ ಆಗಿದ್ದವರು ವ್ಯತ್ಯಾಸವನ್ನು ಮುಂದಿನ ವರ್ಷದಲ್ಲಿ, ಹಿಂದಿನ ಅವಧಿಗೆ ಸೇರಿದ್ದೆಂದು ಬೇರೆಯಾಗಿ ತೋರಿಸಬೇಕಾಯಿತು.

ತೆರಿಗೆಯ ಮಾತು ಸ್ವಲ್ಪ ಹೇಳಿಬಿಡುತ್ತೇನೆ, ಟ್ರಸ್ಟಿನವರು ಅದಕ್ಕೇ ಕಾಯುತ್ತಿರುವಂತಿದೆ. ನಮ್ಮ ಶಾಲೆಗಳಲ್ಲಿ ಹೆಚ್ಚಿನವು ಟ್ರಸ್ಟು ಇಲ್ಲವೇ ಸೊಸೈಟಿಯ ಕೈಯಲ್ಲಿವೆ. 1961ರ ಆದಾಯ ತೆರಿಗೆ ಕಾಯ್ದೆಯ 11ನೇ ಕಲಮಿನ ವಿನಾಯಿತಿಗೆ ವರ್ಷದ ಆದಾಯದ ಶೇ. 85ನ್ನು ಉದ್ದೇಶಕ್ಕೆ ಖರ್ಚು ಮಾಡಿರಬೇಕಿತ್ತು. ಮುಂಗಡ 4,50,000ವನ್ನು ಆದಾಯಕ್ಕೆ ಸೇರಿಸಿಬಿಟ್ಟರೆ ಇನ್ನೂ ಸುರುವೇ ಆಗದ ವರ್ಷದ ಹಣಕ್ಕೆ ಈ ವರ್ಷವೇ ಖರ್ಚು ತೋರಿಸುವ ಒತ್ತಡ ಬರುತ್ತದೆ. ಬಾಕಿಯದ್ದು ತಿರುಗುಮುರುಗು. ಅದು ಆದಾಯವೆಂದು ಬರೆದಾಗಿದೆ, ಕೈಯಲ್ಲಿ ಹಣ ಇಲ್ಲ, ಎಲ್ಲಿಂದ ಖರ್ಚು ಮಾಡುವುದು? ಅದಕ್ಕೆ ಆ ಕಲಮಿನಲ್ಲೇ ಕಿಟಕಿ ಇತ್ತು: ಕೈಗೆ ಬರದ ಆದಾಯವನ್ನು ಬಂದ ವರ್ಷದಲ್ಲೋ ಅದರ ಮರುವರ್ಷದಲ್ಲೋ ಖರ್ಚು ಮಾಡುತ್ತೇವೆಂದು 9ಎ ನಮೂನೆಯಲ್ಲಿ ಗಡುವಿನೊಳಗೆ ಬರೆದುಕೊಟ್ಟರೆ ಸಾಕು. ಆದರೆ ಬಾಕಿ ಎಷ್ಟೆಂದು ಗೊತ್ತಿಲ್ಲದ ಶಾಲೆ ಆ ನಮೂನೆಯಲ್ಲಿ ಏನು ಬರೆಯಬೇಕು? ನಿವ್ವಳ ಲೆಕ್ಕದಲ್ಲಿ ಅದರ ಬಾಕಿ ಮೈನಸ್ 1,24,000 ತಾನೆ!

ಮುಂಗಡ ಹಣವನ್ನು ಖರ್ಚು ಮಾಡಬಹುದೇ ಎಂದು ಇಲ್ಲಿಗೆ ಬರುವ ಮೊದಲು ಒಬ್ಬರು ಕೇಳಿದರು. ಮಾರ್ಚಿನ ಸಂಬಳಕ್ಕೆ ಹಣ ಸಾಲದೆ ಬಂದಾಗ ಎಲ್ಲರ ಕಣ್ಣೂ ಆ ಹಣದ ಮೇಲೆಯೇ ಬೀಳುತ್ತದೆ. ಕಾನೂನಿನಲ್ಲಿ ಅದಕ್ಕೆ ಬೇರೆ ಬ್ಯಾಂಕ್ ಖಾತೆ ಇಡಬೇಕೆಂಬ ನಿಯಮ ನಾನು ಕಂಡಿಲ್ಲ, ಖರ್ಚು ಮಾಡುವವರೂ ಇದ್ದಾರೆ. ನನ್ನ ಅಭಿಪ್ರಾಯ ಬೇರೆ. 2,70,000 ಬಾಕಿ ಬರಲಿಲ್ಲವೆಂದು ಮುಂಗಡದಿಂದ ಸಂಬಳ ಕೊಟ್ಟ ಶಾಲೆ, ಜೂನಿನಲ್ಲಿ 45 ಮಕ್ಕಳಿಗೆ ಪಾಠ ಮಾಡುತ್ತದೆ, ಅವರ ಹಣ ಮಾತ್ರ ಮಾರ್ಚಿನಲ್ಲೇ ಮುಗಿದಿರುತ್ತದೆ. ಆಗ ಅದು ಇನ್ನಷ್ಟು ಬೇಗ ಮುಂಗಡ ಕೇಳುತ್ತದೆ. ಮಾರ್ಚಿನಲ್ಲಿ ಕೇಳುತ್ತಿದ್ದವರು ಫೆಬ್ರವರಿಯಲ್ಲಿ, ಫೆಬ್ರವರಿಯವರು ಜನವರಿಯಲ್ಲಿ. ಹೀಗೆ ಹಿಂದಕ್ಕೆ ಸರಿಯುತ್ತಾ ಹೋದ ಶಾಲೆಗಳನ್ನು ನೋಡಿದ್ದೇನೆ. ಫೀಸಿನ ನೋಟೀಸಿನ ತಾರೀಕು ವರ್ಷದಿಂದ ವರ್ಷಕ್ಕೆ ಮೊದಲಾಗುತ್ತಿದೆಯೇ ಎಂದು ನೋಡಿದರೆ ಲೆಕ್ಕದ ಪುಸ್ತಕ ತೆರೆಯದೆಯೇ ವಿಷಯ ಗೊತ್ತಾಗುತ್ತದೆ.

ನನ್ನ ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಆಮೇಲೆ ಒಂದು ಕ್ರಮ ತಂದರು. ಮಾರ್ಚ್ 31ರ ಸಂಜೆ ಕ್ಲಾರ್ಕ್ ಎರಡು ಹಾಳೆ ತಂದು ಮೇಜಿನ ಮೇಲಿಡಬೇಕು. ಒಂದರಲ್ಲಿ ಮುಂಗಡ ಕೊಟ್ಟವರ ಹೆಸರು, ರಶೀದಿ ನಂಬರು, ಯಾವ ಅವಧಿಗೆ ಎಂಬುದು. ಇನ್ನೊಂದರಲ್ಲಿ ಬಾಕಿ ಇರುವವರ ಹೆಸರು, ಯಾವ ಅವಧಿಯದ್ದು, ಕೊನೆಯ ಸಲ ಯಾವಾಗ ಕೇಳಿದ್ದು. ಎರಡರ ಮೊತ್ತವೂ ಖಾತೆ ಪುಸ್ತಕದ ಮೊತ್ತಕ್ಕೆ ಹೊಂದಿದ ಮೇಲೆಯೇ ಅವರು ಸಹಿ ಹಾಕುತ್ತಿದ್ದರು. ಎರಡು ಹಾಳೆಗಳನ್ನು ಒಂದೇ ಪಿನ್ನಿನಲ್ಲಿ ಚುಚ್ಚಲು ಬಿಡುತ್ತಿರಲಿಲ್ಲ. ಇಲ್ಲಿ ಕೂತಿರುವ ಶಾಲೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಮಾರ್ಚ್ 31ಕ್ಕೆ ಆ ಎರಡು ಹಾಳೆಗಳನ್ನು ನೀವೂ ತರಿಸಿಕೊಳ್ಳಿ, ತರಿಸಿಕೊಂಡು ಬೇರೆ ಬೇರೆ ಕಡತದಲ್ಲಿಡಿ.